ಇಡ್ಲಿಯ ಗಡಿಯಾರ ಫ್ರಿಜ್ಜಿನಿಂದ ಶುರುವಾಗಲ್ಲ

ಬೆಳಗ್ಗೆ ಎಂಟಕ್ಕೆ ಬೇಯಿಸಿ ಹಾಟ್‌ಬಾಕ್ಸಿಗೆ ಹಾಕಿದ ಇಡ್ಲಿ. ಸಂಜೆ ನಾಲ್ಕಕ್ಕೆ ಉಳಿದ ಎಂಟನ್ನು ಡಬ್ಬಿಗೆ ಸುರಿದು, ಫ್ರಿಜ್ಜಿಗೆ ತಳ್ಳಿ, "ಇನ್ನು ಐದು ದಿನ ಯೋಚನೆ ಇಲ್ಲ" ಅಂತ ಕೈ ಒರೆಸಿಕೊಂಡದ್ದನ್ನು ಈಗಷ್ಟೇ ನೋಡಿದೆ. ಇಂಥದ್ದನ್ನು ನೋಡಿ ನಾನು ಸುಮ್ಮನೆ ಕೂರಲ್ಲ ಅಂತ ನಿಮಗೆಲ್ಲ ಗೊತ್ತಲ್ಲ, ಅನುಭವಿಸಿ.

ಎಲ್ಲರೂ ಕೇಳೋದು ಒಂದೇ: "ಫ್ರಿಜ್ಜಲ್ಲಿ ಎಷ್ಟು ದಿನ ಇರತ್ತೆ?" ಫ್ರಿಜ್ಜಿಗೆ ಹೋಗೋ ಮುಂಚೆ ಹೊರಗೆ ಎಷ್ಟು ಗಂಟೆ ಇತ್ತು ಅನ್ನೋದನ್ನು ಮಾತ್ರ ಯಾರೂ ಬಾಯಿ ಬಿಡಲ್ಲ. ಉತ್ತರ ಇರೋದೇ ಅಲ್ಲಿ.

ಹಬೆಯಲ್ಲಿ ಹತ್ತು ಹನ್ನೆರಡು ನಿಮಿಷ ಬೆಂದರೆ ಎಲ್ಲ ಕ್ರಿಮಿಯೂ ಸತ್ತಂತೆ ಅಂತ ನಂಬಿದ್ದೇವೆ. ಅಕ್ಕಿಯ ಜೊತೆಗೇ ಬರುವ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾಗೆ ಒಂದು ಜಾಣತನ ಇದೆ. ಕಷ್ಟ ಬಂದಾಗ ಅದು ಗಟ್ಟಿ ಕವಚದೊಳಗೆ ಸೇರಿಕೊಂಡು ಸ್ಪೋರ್ ಆಗಿಬಿಡತ್ತೆ. ಆ ಸ್ಪೋರ್‌ಗೆ ಇಡ್ಲಿ ಪಾತ್ರೆಯ 100 ಡಿಗ್ರಿ ಹಬೆ ಸಾಲದು. ಬೆಂದ ಇಡ್ಲಿ ನಿಧಾನಕ್ಕೆ ಆರಿ 30, 40 ಡಿಗ್ರಿ ಆಸುಪಾಸಿಗೆ ಬಂದಾಗ ಸ್ಪೋರ್ ಒಡೆದು ಅದು ಮತ್ತೆ ಬೆಳೆಯೋಕೆ ಶುರು ಮಾಡತ್ತೆ. ಅಡುಗೆಗೆ 5ರಿಂದ 60 ಡಿಗ್ರಿ ನಡುವೆ ಅಪಾಯ ಅನ್ನೋದು ಇದಕ್ಕೇ. ಹಾಟ್‌ಬಾಕ್ಸ್ ಏನು ಮಾಡತ್ತೆ? ಮೊದಲು ಸ್ವಲ್ಪ ಹೊತ್ತು 60ರ ಮೇಲೆ ಇಡತ್ತೆ, ಆಮೇಲೆ ಗಂಟೆಗಟ್ಟಲೆ ಅದೇ ಅಪಾಯದ ಬಿಸಿಯಲ್ಲಿ ಇಡ್ಲಿಯನ್ನು ಜೋಪಾನವಾಗಿ ಕಾಪಾಡತ್ತೆ. ಇಡ್ಲಿಯನ್ನಲ್ಲ, ಬ್ಯಾಕ್ಟೀರಿಯಾವನ್ನು ಅಂತ ಓದಿಕೊಳ್ಳಿ.

"ತಿನ್ನುವಾಗ ಮತ್ತೆ ಬಿಸಿ ಮಾಡ್ತೀವಲ್ಲ" ಅನ್ನುವವರಿಗೆ: ಬ್ಯಾಕ್ಟೀರಿಯಾ ಸಾಯಬಹುದು, ಆದರೆ ವಾಂತಿ ತರಿಸುವ ಅದರ ಒಂದು ವಿಷ ಹಬೆಗೂ ಬಗ್ಗಲ್ಲ, ಮೈಕ್ರೋವೇವ್‌ಗೂ ಬಗ್ಗಲ್ಲ. ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ.

ಈಗ ಬರತ್ತೆ ನೋಡಿ ಎಲ್ಲರ ಬ್ರಹ್ಮಾಸ್ತ್ರ: "ಹಿಟ್ಟು ಫ್ರಿಜ್ಜಲ್ಲಿ ಒಂದು ವಾರ ಇರತ್ತೆ, ಅದರ ಇಡ್ಲಿ ಯಾಕಿರಲ್ಲ? ಹಿಂದಿನವರು ಇಡ್ಲಿ ಕಟ್ಟಿಕೊಂಡು ಊರೂರು ತಿರುಗಿದ್ದಾರೆ!" ಅರ್ಧ ಒಪ್ಪುತ್ತೇನೆ. ಚೆನ್ನಾಗಿ ಹುದುಗಿದ ಹಿಟ್ಟಿನ ಹುಳಿ ಬ್ಯಾಕ್ಟೀರಿಯಾವನ್ನು ತಡೆಯತ್ತೆ, ಬೆಂದ ಮೇಲೂ ಆ ಹುಳಿ ಸ್ವಲ್ಪ ಕೆಲಸ ಮಾಡತ್ತೆ. ಹೀಗಾಗಿ ಬಿಳಿ ಅನ್ನಕ್ಕಿಂತ ಹುಳಿ ಇಡ್ಲಿ ಒಂದು ಕೈ ಮೇಲು. ಆದರೆ ಹಿಟ್ಟಿನಲ್ಲಿ ಹುಳಿ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾಗಳು ಜೀವಂತ ಇರುತ್ತವೆ, ಕೆಟ್ಟವಕ್ಕೆ ಜಾಗ ಬಿಡಲ್ಲ. ಬೇಯಿಸಿದಾಗ ಕಾವಲುಗಾರರು ಸತ್ತರು, ಸ್ಪೋರ್ ಉಳೀತು. ಅದೂ ಹೋಗಲಿ, ಚಳಿಯಲ್ಲಿ ಹಿಟ್ಟು ಸರಿಯಾಗಿ ಹುಳಿ ಬಂದಿರಲ್ಲ. ಉಬ್ಬಲಿ ಅಂತ ಸೋಡಾ ಹಾಕಿದರೆ ಇದ್ದ ಹುಳಿಯೂ ತಗ್ಗತ್ತೆ. ದಿಢೀರ್ ರವೆ ಇಡ್ಲಿಯಲ್ಲಿ ಮೊಸರು, ಸೋಡಾ ಎರಡೂ ಸೇರಿ ಒಂದನ್ನೊಂದು ಮುಗಿಸಿರುತ್ತವೆ, ಹುದುಗುವಿಕೆ ಅನ್ನೋದೇ ಇಲ್ಲ. ಇವಕ್ಕೆಲ್ಲ ಹಿಟ್ಟಿನ ಲೆಕ್ಕ ಹಚ್ಚಬೇಡಿ.

ಸರಿ ಮಾಡೋದು ಹೇಗೆ? ಅದೇ ಎಂಟು ಗಂಟೆಯ ಇಡ್ಲಿ ತಗೊಳ್ಳಿ. ತಟ್ಟೆಯಿಂದ ಬಿಡಿಸಿದ ಕೂಡಲೇ ಈಗ ತಿನ್ನುವಷ್ಟನ್ನು ಹಾಟ್‌ಬಾಕ್ಸಿಗೆ, ಉಳಿಸುವಷ್ಟನ್ನು ಅಗಲ ತಟ್ಟೆಗೆ ಬಿಡಿಬಿಡಿಯಾಗಿ ಹರಡಿ. ಫ್ಯಾನಿನ ಕೆಳಗೆ ಅರ್ಧ ಗಂಟೆ ಸಾಕು. ಎಂಟೂಮುಕ್ಕಾಲಿಗೆ ಚಪ್ಪಟೆ ಡಬ್ಬಿಯಲ್ಲಿ ಒಂದು ಪದರ, ಹೆಚ್ಚೆಂದರೆ ಎರಡು, ಜೋಡಿಸಿ ಫ್ರಿಜ್ಜಿನ ಒಳಭಾಗಕ್ಕಿಡಿ, ಬಾಗಿಲಿಗಲ್ಲ. ಏನೇ ಆದರೂ ಎರಡು ಗಂಟೆ ದಾಟಬಾರದು, ಕಡು ಬೇಸಿಗೆಯಾದರೆ ಒಂದೇ ಗಂಟೆ. ಆಳದ ಡಬ್ಬಿಯಲ್ಲಿ ಇಪ್ಪತ್ತು ಇಡ್ಲಿ ಒಟ್ಟಿದರೆ ನಡುವಿನವು ಫ್ರಿಜ್ಜಿನೊಳಗೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತವೆ. ಬಿಸಿಬಿಸಿಯಾಗಿ ಮುಚ್ಚಿದರೆ ಮುಚ್ಚಳದ ಬೆವರು ಇಡ್ಲಿ ಮೇಲೆ ತೊಟ್ಟಿಕ್ಕತ್ತೆ. ಲೋಳೆ, ಬೂಷ್ಟು ಮೊದಲು ಕಾಣಿಸೋದು ಆ ಒದ್ದೆ ಜಾಗದಲ್ಲೇ. ಹೀಗೆ ಇಟ್ಟದ್ದು, ಫ್ರಿಜ್ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿದ್ದರೆ, ಮೂರು ದಿನ. ನಾಲ್ಕನೆಯದು ಕೊನೆ. ಐದನೆಯ ದಿನದ ಬಗ್ಗೆ ಚೌಕಾಸಿ ಬೇಡ.

ಇನ್ನೊಂದು ಸಿಟ್ಟು. ಫ್ರಿಜ್ಜಿನಲ್ಲಿ ಮಾರನೇ ದಿನ ಇಡ್ಲಿ ಕಲ್ಲಾಯಿತು ಅಂತ ಎಸೆಯುವವರು! ಅದು ಕೆಟ್ಟಿಲ್ಲ ಮಾರಾಯ್ರೇ. ಬೆಂದ ಅಕ್ಕಿಯ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿಯಾಗಿ ಕೂಡಿಕೊಳ್ಳತ್ತೆ, ಫ್ರಿಜ್ಜಿನ ಚಳಿಯಲ್ಲಿ ಇದು ಇನ್ನೂ ಬೇಗ. ಐದಾರು ನಿಮಿಷ ಹಬೆ ಕೊಟ್ಟರೆ ಬಿಟ್ಟುಕೊಂಡು ಮೆತ್ತಗಾಗತ್ತೆ. ಕೆಟ್ಟದ್ದರ ಗುರುತು ಬೇರೆ: ಮುಟ್ಟಿದರೆ ಜಾರತ್ತೆ, ಮುರಿದರೆ ಎಳೆ ಎಳೆಯಾಗಿ ನೂಲು ಬರತ್ತೆ, ಹುಳಿಯಲ್ಲದ ಒಂಥರಾ ಮುಗ್ಗಲು ವಾಸನೆ. ಗಟ್ಟಿ ಇಡ್ಲಿ ಎಸೆದು, ಲೋಳೆ ಇಡ್ಲಿಯನ್ನು ಒಗ್ಗರಣೆ ಹಾಕಿ ತಿನ್ನುವವರಿಗೆ ಏನು ಹೇಳೋದು? ಬೂಷ್ಟು ಒಂದು ಚುಕ್ಕೆ ಕಂಡರೂ ಅಷ್ಟನ್ನೇ ಕಿತ್ತು ಉಳಿದದ್ದು ತಿನ್ನಬೇಡಿ, ಮೆತ್ತನೆಯ ಇಡ್ಲಿಯೊಳಗೆ ಅದರ ಬೇರು ಎಲ್ಲಿವರೆಗೆ ಹೋಗಿದೆ ಅಂತ ಕಣ್ಣಿಗೆ ಕಾಣಲ್ಲ.

ಎರಡು ದಿನದಲ್ಲಿ ಮುಗಿಯಲ್ಲ ಅಂತ ಮೊದಲೇ ಗೊತ್ತಿದ್ದರೆ ಅವತ್ತೇ ಫ್ರೀಜರಿಗೆ ಹಾಕಿ. ನಾಲ್ಕು ದಿನ ಫ್ರಿಜ್ಜಲ್ಲಿಟ್ಟು, ತಿನ್ನಲಾರದೆ, ಆಮೇಲೆ ಫ್ರೀಜರಿಗೆ ದಾಟಿಸೋದು ದೊಡ್ಡ ಮೋಸ, ಚಳಿ ಬ್ಯಾಕ್ಟೀರಿಯಾವನ್ನು ನಿಲ್ಲಿಸತ್ತೆ, ಕೊಲ್ಲಲ್ಲ. ಆರಿದ ಇಡ್ಲಿಯನ್ನು ತಟ್ಟೆಯಲ್ಲಿ ತಾಗದಂತೆ ಇಟ್ಟು ಎರಡು ಗಂಟೆ ಗಟ್ಟಿ ಮಾಡಿ, ಆಮೇಲೆ ಜಿಪ್ ಕವರಿಗೆ ಹಾಕಿ ಗಾಳಿ ಹಿಂಡಿ, ತಾರೀಖು ಬರೆಯಿರಿ. ಮೈನಸ್ 18ರಲ್ಲಿ ಅದು ಕೆಡಲ್ಲ, ಆದರೆ ಒಂದೆರಡು ತಿಂಗಳಾದ ಮೇಲೆ ಅಂಚು ಒಣಗಿ ರುಚಿ ಹೋಗತ್ತೆ. ತೆಗೆದ ಮೇಲೆ ಹೊರಗಿಟ್ಟು ಕರಗಿಸಬೇಡಿ. ನೇರ ಹಬೆಗೆ, ಹತ್ತು ನಿಮಿಷ. ಚಾಕು ಚುಚ್ಚಿ ತೆಗೆದಾಗ ತುದಿ ಬಿಸಿ ಸುಡಬೇಕು. ಬಿಸಿ ಮಾಡಿ ಉಳಿದದ್ದು ಮತ್ತೆ ಒಳಗೆ ಹೋಗೋ ಹಾಗಿಲ್ಲ.

ದೋಸೆಗೂ ಇದೇ ದಿನದ ಲೆಕ್ಕ, ಆದರೆ ಎರಡನೇ ದಿನಕ್ಕೇ ಅದು ಚರ್ಮದ ಹಾಗಾಗತ್ತೆ. ಗರಿಗರಿ ದೋಸೆ ಉಳಿಸೋ ಆಸೆ ಬಿಡಿ. ಸೆಟ್ ದೋಸೆಯಂಥ ದಪ್ಪದವು ಪರವಾಗಿಲ್ಲ. ಪೂರ್ತಿ ಬೇಯಿಸಿ, ಬಣ್ಣ ಬರೋ ಮುಂಚೆ ತೆಗೆದು, ಜಾಲರಿ ಮೇಲೆ ಆರಿಸಿ, ನಡುನಡುವೆ ಬಟರ್ ಪೇಪರ್ ಇಟ್ಟು ಫ್ರೀಜ್ ಮಾಡಿ. ತಿನ್ನುವಾಗ ನೇರ ಕಾದ ಕಾವಲಿಗೆ, ಅಂಚಿಗೆ ನಾಲ್ಕು ಹನಿ ಎಣ್ಣೆ, ಒಂದು ನಿಮಿಷ ಮುಚ್ಚಳ. ಮಸಾಲೆ ದೋಸೆಯನ್ನು ಪಲ್ಯದ ಸಮೇತ ಇಡಲೇಬೇಡಿ, ಆಲೂಗಡ್ಡೆ ಫ್ರೀಜರಿನಿಂದ ನೀರು ಬಿಟ್ಟುಕೊಂಡು ಬರತ್ತೆ.

ಆ ಸಂಜೆ ನಾಲ್ಕರ ಎಂಟು ಇಡ್ಲಿ? ಎಂಟು ಗಂಟೆ ಬೆಚ್ಚಗೆ ಮಲಗಿದ್ದಕ್ಕೆ ಫ್ರಿಜ್ಜಿನ ದಿನ ಎಣಿಸೋದೇ ಇಲ್ಲ. ಕಸದ ಬುಟ್ಟಿಗೆ ಹಾಕಿ. ಬೈದುಕೊಂಡೇ ಹಾಕಿ, ಪರವಾಗಿಲ್ಲ.