ಗುರಿ ತಪ್ಪುವುದು ಕೈ ನಡುಗಿ ಅಲ್ಲ

ಅಣ್ಣನ ಮಗಳು ಮೂರು ವಾರದಿಂದ ನನ್ನ ಹತ್ತಿರ ಏರ್ ಪಿಸ್ತೂಲು ಕಲಿಯುತ್ತಿದ್ದಾಳೆ. ಕಲಬುರಗಿಯ ಸೇಡಂ ರಸ್ತೆ ಕಡೆ ಗೆಳೆಯರೊಬ್ಬರ ಶೆಡ್ಡು. ಮೇಲೆ ತಗಡು, ಕೆಳಗೆ ಶಹಾಬಾದ್ ಕಲ್ಲು, 10 ಮೀಟರ್ ದೂರದಲ್ಲಿ ಕಾಗದದ ಟಾರ್ಗೆಟ್. ಕಳೆದ ಭಾನುವಾರ ಹತ್ತು ಪೆಲೆಟ್ ಹೊಡೆದಳು. ಏಳು ಪೆಲೆಟ್ ಎಡಗಡೆ ಕೆಳಗೆ, ಗಡಿಯಾರದಲ್ಲಿ 7 ಇರುವ ಕಡೆ ಚದುರಿ ಬಿದ್ದವು.

"ಕೈ ನಡಗ್ಲತದ ಕಾಕಾ" ಅಂದಳು. ಅಣ್ಣ ಪಕ್ಕದಲ್ಲೇ ಇದ್ದ. "ಸೈಟ್ ತಿರುಗ್ಸು, ಸರಿ ಹೋಗ್ತದ" ಅಂದ.

ಎರಡೂ ಅಲ್ಲ. ಎಲ್ಲರ ಕೈಯೂ ನಡುಗುತ್ತದೆ. ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತ 11.5 ಮಿ.ಮೀ. ಅಗಲ. ಗುರಿ ನೋಡಲು ಪಿಸ್ತೂಲಿನ ಮೇಲೆ ಹಿಂದೊಂದು, ಮುಂದೊಂದು ಸೈಟ್ ಇರುತ್ತದೆ. ಎರಡೂ ಸರಿಯಾಗಿ ಕೂಡಿದ್ದು, ಇಡೀ ತೋಳು ಮಾತ್ರ 5 ಮಿ.ಮೀ. ಪಕ್ಕಕ್ಕೆ ಸರಿದರೆ ಪೆಲೆಟ್ಟೂ ಅಷ್ಟೇ ಸರಿಯುತ್ತದೆ. ಆಗಲೂ ಅದು ಹತ್ತೇ. ಆದರೆ ಮಣಿಕಟ್ಟು ಸ್ವಲ್ಪ ಬಾಗಿ, ಹಿಂದಿನ ಸೈಟಿನ ಸಂದಿಯಲ್ಲಿ ಮುಂದಿನ ಸೈಟ್ ಬರೀ 1 ಮಿ.ಮೀ. ಸರಿಯಿತು ಅನ್ನಿ. ಎರಡು ಸೈಟ್‌ಗಳ ನಡುವೆ ಸುಮಾರು 36 ಸೆಂ.ಮೀ. ಅಂತರ ಇದ್ದರೆ, 10 ಮೀಟರ್ ಆಚೆ ಅದು ಹತ್ತಿರ ಹತ್ತಿರ 28 ಮಿ.ಮೀ. ಆಗುತ್ತದೆ. ಹತ್ತು ಬರಬೇಕಾದ ಕಡೆ ಏಳು. ಹಾಗಾಗಿ ತೋಳು ತೂಗಾಡಿದರೆ ತೂಗಾಡಲಿ, ಮಣಿಕಟ್ಟು ಮಾತ್ರ ಬಿಗಿಯಾಗಿರಬೇಕು. ಕಣ್ಣು ಮುಂದಿನ ಸೈಟ್ ಮೇಲೆ. ಟಾರ್ಗೆಟ್ ಮಸುಕಾಗಿ ಕಂಡರೆ ಅದೇ ಸರಿ.

ಇವಳ ತಪ್ಪು ಎಲ್ಲಿದೆ ಅಂತ ನೋಡಲು ಪಿಸ್ತೂಲನ್ನು ನಾನೇ ತುಂಬಿ ಕೊಡಲು ಶುರುಮಾಡಿದೆ. ಮೂರು ಸಲ ಪೆಲೆಟ್ ಹಾಕಿದೆ. ನಾಲ್ಕನೇ ಸಲ ಹೇಳದೆ ಡ್ರೈ ಫೈರ್‌ಗೆ ಇಟ್ಟು ಕೊಟ್ಟೆ. ಟ್ರಿಗರ್ ಒತ್ತಿದಳು. ಬರೀ ಟಕ್ ಅಂತು. ಗಾಳಿಯೂ ಇಲ್ಲ, ಪೆಲೆಟ್ಟೂ ಇಲ್ಲ, ಆದರೆ ಪಿಸ್ತೂಲಿನ ಮೂತಿ ಜಗ್ಗನೆ ಎಡಕ್ಕೆ, ಕೆಳಕ್ಕೆ ಇಳಿಯಿತು. ಅವಳೇ ನೋಡಿ ಸುಮ್ಮನಾದಳು. ತೋರುಬೆರಳಿನ ಜೊತೆ ಇಡೀ ಮುಷ್ಟಿಯನ್ನು ಬಿಗಿಯುತ್ತಿದ್ದಳು.

ಅಲ್ಲಿಂದ ಹಿಡಿತ ಹೊಸದಾಗಿ ಕಲಿಸಿದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿ ಹಿಡಿಕೆಯ ಹಿಂಭಾಗದಲ್ಲಿ ಆದಷ್ಟು ಮೇಲೆ ಕೂರಬೇಕು. ನಳಿಕೆ ಮತ್ತು ಮುಂಗೈ ಒಂದೇ ಗೆರೆಯಲ್ಲಿರಬೇಕು. ಹಿಡಿಯುವ ಕೆಲಸ ನಡುಬೆರಳು ಮತ್ತು ಉಂಗುರ ಬೆರಳಿನದು, ಅವು ನೇರ ಹಿಂದಕ್ಕೆ ಎಳೆಯಲಿ. ಹೆಬ್ಬೆರಳು, ಕಿರುಬೆರಳು ಸುಮ್ನೆ ಇರಲಿ. ತೋರುಬೆರಳು ಹಿಡಿಕೆಯ ಪಕ್ಕಕ್ಕೆ ತಾಗಲೇಬಾರದು, ಅದರ ಮೊದಲ ಗೆಣ್ಣಿನ ಮೆತ್ತನೆ ಭಾಗ ಮಾತ್ರ ಟ್ರಿಗರ್ ಮೇಲೆ. ಎಷ್ಟು ಬಿಗಿ? ಕೈ ನಡುಗುವವರೆಗೆ ಹಿಡಿದು, ನಡುಕ ನಿಲ್ಲುವಷ್ಟು ಸಡಿಲಿಸಿ. ಆಮೇಲೆ ಆ ಒತ್ತಡ ಬದಲಾಗಬಾರದು. ನಮ್ಮೂರ ಸೆಕೆಗೆ ಅಂಗೈ ಬೆವರಿ ಜಾರುತ್ತದೆ, ಐದು ಹೊಡೆತಕ್ಕೊಮ್ಮೆ ಒರೆಸಿಕೊಳ್ಳಲು ಹೇಳಿದೆ.

ನಿಲ್ಲುವುದಕ್ಕೆ ಶಹಾಬಾದ್ ಕಲ್ಲೇ ಸಹಾಯಕ್ಕೆ ಬಂತು. ಬಲಗೈಯವಳು, ಹಾಗಾಗಿ ಬಲಪಾದ ಟಾರ್ಗೆಟ್ ಕಡೆ, ಎಡಪಾದ ಭುಜದಷ್ಟು ಅಂತರದಲ್ಲಿ ಹಿಂದೆ. ಎರಡರ ಮೇಲೂ ಸಮ ಭಾರ. ಎಡಗೈ ಜೇಬಿನಲ್ಲಿ. ಕಣ್ಣು ಮುಚ್ಚಿ ಕೈ ಎತ್ತು, ಎರಡು ಉಸಿರು ಬಿಡು, ಈಗ ಕಣ್ಣು ತೆರೆ ಅಂದೆ. ಪಿಸ್ತೂಲು ಟಾರ್ಗೆಟ್‌ನ ಎಡಕ್ಕೆ ತೋರಿಸುತ್ತಿತ್ತು. ಕೈ ಎಳೆದು ಸರಿಮಾಡಬೇಡ, ಎಡಪಾದವನ್ನು ಎದೆಯ ದಿಕ್ಕಿಗೆ ಸ್ವಲ್ಪ ಸರಿಸು ಅಂದೆ. ಬಲಕ್ಕೆ ತೋರಿಸಿದ್ದರೆ ಬೆನ್ನಿನ ದಿಕ್ಕಿಗೆ ಸರಿಸಬೇಕಿತ್ತು. ಮೂರನೇ ಸಲಕ್ಕೆ ನೇರ ಬಂತು. ಪಾದ ಎರಡೂ ಎಲ್ಲಿದ್ದವು ಅಂತ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು.

ಇಷ್ಟಾದರೂ ಜಾಸ್ತಿ ಜನ ಬಿಟ್ಟುಬಿಡುವುದು ಫಾಲೋ ಥ್ರೂ, ಅಂದರೆ ಹೊಡೆದ ಮೇಲೂ ಕೈ, ಕಣ್ಣು ಹಾಗೇ ಇಟ್ಟುಕೊಳ್ಳುವುದು. ಟ್ರಿಗರ್ ಒತ್ತಿದ ಮೇಲೆ ಪೆಲೆಟ್ ನಳಿಕೆ ದಾಟಲು ಒಂದಿಷ್ಟು ಹೊತ್ತು ಬೇಕು, ಅದು ಕಣ್ಣಿಗೆ ತಿಳಿಯದಷ್ಟು ಚಿಕ್ಕದು. ಹೊಡೆದ ಕೂಡಲೇ ಕೈ ಇಳಿಸುವ ಆತುರ ಇದ್ದವರ ಕೈ ಹೊಡೆಯುವ ಮೊದಲೇ ಇಳಿಯತೊಡಗುತ್ತದೆ. ಎಲ್ಲಿ ಬಿತ್ತು ಅಂತ ನೋಡಲು ತಲೆ ಎತ್ತುವವರ ಪೆಲೆಟ್ ಮೇಲೆ ಹೋಗುತ್ತದೆ. ಅದಕ್ಕೇ ಟ್ರಿಗರ್ ಒತ್ತಿದ ಹಾಗೇ ಹಿಡಿದು, ಮುಂದಿನ ಸೈಟ್ ನೋಡುತ್ತಾ ಎರಡು ಎಣಿಸಬೇಕು.

ಸೈಟ್ ತಿರುಗಿಸುವ ಸ್ಕ್ರೂಡ್ರೈವರ್ ಹೊಸಬರ ಕೈಗೆ ಕೊಡಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಪೆಲೆಟ್ಟುಗಳು ಒಂದೇ ಕಡೆ ಗುಂಪಾಗಿ ಬಿದ್ದರೆ ಮಾತ್ರ ತಪ್ಪು ಸೈಟಿನದು. ಚದುರಿದ್ದರೆ ಕೈಯದು.

ಈಗ ಅವಳು ಮನೆಯಲ್ಲಿ ದಿನಾ 20 ನಿಮಿಷ ಖಾಲಿ ಬಿಳಿ ಗೋಡೆಗೆ ಡ್ರೈ ಫೈರ್ ಮಾಡುತ್ತಾಳೆ. ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿ, ಮನೆಯವರೆಲ್ಲ ಬೆನ್ನ ಹಿಂದೆ ಇದ್ದಾಗ ಮಾತ್ರ. (ಸ್ಪ್ರಿಂಗ್ ಪಿಸ್ತೂಲು ಇರುವವರು ಹೀಗೆ ಖಾಲಿ ಹೊಡೆಯಬೇಡಿ, ಒಳಗಿನ ಪಿಸ್ಟನ್ ಹಾಳಾಗುತ್ತದೆ.) ನಿನ್ನೆ ಶೆಡ್ಡಿಗೆ ಬಂದು ಹೊಡೆದಳು. ಕೈ ಇಳಿಸಲಿಲ್ಲ. ಎರಡು ಎಣಿಸಿ, ಟಾರ್ಗೆಟ್ ನೋಡುವ ಮೊದಲೇ "ಎಡಕ್ಕ ಹೋಯ್ತು, ಎಂಟು" ಅಂದಳು. ಹೋಗಿ ನೋಡಿದೆ. ಎಡಗಡೆ, ಎಂಟರಲ್ಲೇ ಇತ್ತು.