ಸಮ ಗ್ಯಾಲನ್ ಹೆಡ್ಜ್ ಸರಿಯಲ್ಲ

"ಎಷ್ಟು ಗ್ಯಾಲನ್ ವಿಮಾನ ಇಂಧನ ಬೇಕೋ ಅಷ್ಟೇ ಗ್ಯಾಲನ್ ಹೀಟಿಂಗ್ ಆಯಿಲ್ ಫ್ಯೂಚರ್ಸ್ ಕೊಂಡರೆ ಅಪಾಯ ಅತಿ ಕಡಿಮೆ."

ನಿಮ್ಮ ಈ ಮಾತನ್ನು ನಾನು ಒಪ್ಪುವುದಿಲ್ಲ. ಎರಡೂ ಬೇರೆ ಸರಕು, ಬೆಲೆ ಒಂದೇ ಅಳತೆಯಲ್ಲಿ ಏರಿಳಿಯಲ್ಲ ಅಲ್ವಾ? ಒಂದು ಗ್ಯಾಲನ್ ಇಂಧನಕ್ಕೆ ಎಷ್ಟು ಗ್ಯಾಲನ್ ಫ್ಯೂಚರ್ಸ್ ಕೊಂಡರೆ ಅಪಾಯ ಅತಿ ಕಡಿಮೆ ಅನ್ನುವುದಕ್ಕೆ ಸೂತ್ರ h = ρ × σS / σF. ಇಲ್ಲಿ ρ ಅಂದರೆ ಎರಡರ ಬೆಲೆ ಬದಲಾವಣೆಗಳ ಕೋರಿಲೇಶನ್, σS ಇಂಧನದ ಮತ್ತು σF ಫ್ಯೂಚರ್ಸ್‌ನ ಬೆಲೆ ಬದಲಾವಣೆಯ ಸ್ಟ್ಯಾಂಡರ್ಡ್ ಡೀವಿಯೇಶನ್. ಉದಾಹರಣೆಗೆ ತಿಂಗಳ ಬದಲಾವಣೆಯ ಸ್ಟ್ಯಾಂಡರ್ಡ್ ಡೀವಿಯೇಶನ್ ಇಂಧನಕ್ಕೆ ಗ್ಯಾಲನ್ನಿಗೆ 12 ಸೆಂಟ್, ಫ್ಯೂಚರ್ಸ್‌ಗೆ 16, ಕೋರಿಲೇಶನ್ 0.8 ಅಂತ ಇಟ್ಟುಕೊಳ್ಳಿ. h ಬರುವುದು 0.6. ಒಂದು ಕಾಂಟ್ರ್ಯಾಕ್ಟ್ 42,000 ಗ್ಯಾಲನ್, ಹಾಗಾಗಿ 21 ಲಕ್ಷ ಗ್ಯಾಲನ್‌ಗೆ 30 ಕಾಂಟ್ರ್ಯಾಕ್ಟ್ ಸಾಕು, ನೀವು ಹೇಳಿದ ಲೆಕ್ಕದಲ್ಲಿ 50 ಆಗುತ್ತದೆ. 50 ಕೊಂಡರೆ ಉಳಿಯುವ ಏರಿಳಿತ ಸುಮಾರು 9.6 ಸೆಂಟ್, 30 ಕೊಂಡರೆ 7.2. ಅಂದರೆ ಜಾಸ್ತಿ ಕೊಂಡ 20 ಕಾಂಟ್ರ್ಯಾಕ್ಟ್ ಅಪಾಯವನ್ನು ಹೆಚ್ಚಿಸಿತು, ಅದಕ್ಕೆ ಮಾರ್ಜಿನ್ ಹಣವೂ ಸುಮ್ನೆ ಕಟ್ಟಬೇಕು.

ಇನ್ನೊಂದು ಮಾತು. ಕೋರಿಲೇಶನ್ ಲೆಕ್ಕ ಹಾಕುವಾಗ ಬೆಲೆಗಳನ್ನೇ ಹಾಕಬೇಡಿ, ಬೆಲೆಯ ಬದಲಾವಣೆಗಳನ್ನು ಹಾಕಿ. ಎರಡೂ ಬೆಲೆ ವರ್ಷವಿಡೀ ಏರುತ್ತಿದ್ದರೆ 0.98 ಥರ ಚೆಂದದ ಸಂಖ್ಯೆ ಬರುತ್ತದೆ, ಆದರೆ ತಿಂಗಳಿಂದ ತಿಂಗಳಿಗೆ ಅವು ಎಷ್ಟು ಜೊತೆಯಾಗಿ ಸಾಗಿದವು ಅನ್ನುವುದನ್ನು ಅದು ಹೇಳುವುದಿಲ್ಲ. ಹೆಡ್ಜ್ ಒಂದು ತಿಂಗಳದ್ದಾದರೆ ಬದಲಾವಣೆಯೂ ತಿಂಗಳದ್ದೇ ಇರಲಿ.