ಮುಖಪುಟದ ವಿವರ ಕೇಳುವವರು

ಪಿಎಚ್.ಡಿ. ಪ್ರಬಂಧ ಬರೆದುಕೊಡುವ ಅಂಗಡಿಗಳ ಮಾತು ಬಂದಾಗಲೆಲ್ಲ ಜನ ಮುಳುಗಿಹೋದ ಮುಂಗಡದ ಲೆಕ್ಕ ಹೇಳುತ್ತಾರೆ. ನನ್ನ ಪ್ರಕಾರ ಅದು ಸಣ್ಣ ನಷ್ಟ. ‘ಮುಖಪುಟಕ್ಕೆ ಬೇಕು’ ಎಂದು ವಿಶ್ವವಿದ್ಯಾಲಯ, ನೋಂದಣಿ ಸಂಖ್ಯೆ, ಮಾರ್ಗದರ್ಶಕರ ಹೆಸರು ಅಂಗಡಿಯವರು ಕೇಳುತ್ತಾರಲ್ಲ, ಕುತ್ತಿಗೆ ಸಿಕ್ಕಿಕೊಳ್ಳುವುದು ಅಲ್ಲಿ. ಅಧ್ಯಾಯ ಬರೆಯಲು ಇವುಗಳಲ್ಲಿ ಒಂದೂ ಬೇಕಿಲ್ಲ, ಬೆದರಿಸಲು ಎಲ್ಲವೂ ಬೇಕು.

ನನಗೆ ಪರಿಚಯದ ಸಂಶೋಧಕಿಯೊಬ್ಬರ ವಿಷಯ ದಾವಣಗೆರೆ ಜಿಲ್ಲೆಯ ಸ್ವಸಹಾಯ ಸಂಘಗಳು. ಮಾತಾದದ್ದು 60,000 ರೂಪಾಯಿಗೆ. ಅರ್ಧ ಹಣ ಯುಪಿಐ ಮೂಲಕ ಯಾರೋ ವ್ಯಕ್ತಿಯ ಖಾತೆಗೆ ಹೋಯಿತು, ರಸೀದಿಯಿಲ್ಲ. ಎರಡು ಅಧ್ಯಾಯ ಬಂದವು. ಓದಿದರೆ ಎಲ್ಲೆಡೆ ದಾವಣಗೆರೆಯೇ ಇದೆ, ಒಂದು ಕೋಷ್ಟಕದಲ್ಲಿ ಮಾತ್ರ ತುಮಕೂರು! ಬೇರೆಯವರ ಪ್ರಬಂಧದಲ್ಲಿ ಊರಿನ ಹೆಸರನ್ನು ಒಂದೇ ಏಟಿಗೆ ಬದಲಿಸಿದ್ದರು. ಆ ಕೋಷ್ಟಕ ಚಿತ್ರವಾಗಿ ಅಂಟಿಸಿದ್ದರಿಂದ ಬದಲಾಗದೆ ಉಳಿದಿತ್ತು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದಲ್ಲಿ ಹುಡುಕಿದಾಗ ಮೂಲ ಪ್ರಬಂಧವೇ ಸಿಕ್ಕಿತು.

ಸಂಶೋಧಕಿ ಪ್ರಶ್ನಿಸಿದರು. ಕ್ಷಮೆ ಬರಲಿಲ್ಲ, ಹೊಸ ಬಿಲ್ಲು ಬಂತು: ‘ಹೋಲಿಕೆಯನ್ನು ಶೇಕಡಾ 10ರೊಳಗೆ ತರಲು 12,000’. ಈ ಹತ್ತು ಸುಮ್ಮನೆ ಬಂದದ್ದಲ್ಲ. ಯುಜಿಸಿಯ 2018ರ ಕೃತಿಚೌರ್ಯ ನಿಯಮದಲ್ಲಿ ಅಲ್ಲಿಯವರೆಗಿನ ಹೋಲಿಕೆಗೆ ದಂಡನೆಯಿಲ್ಲ. ಶೇಕಡಾ 60 ದಾಟಿದರೆ ನೋಂದಣಿಯೇ ರದ್ದು. ಆ ಭಯವನ್ನೇ ಅಂಗಡಿಯವರು ಮಾರುವುದು. ಕೊಡುವುದಿಲ್ಲ ಎಂದಾಗ ತಕ್ಕಡಿಯ ಚಿತ್ರವಿದ್ದ ‘ಕಾನೂನು ನೋಟಿಸ್’ ವಾಟ್ಸ್ಆ್ಯಪ್‌ಗೆ ಬಂತು. ಅದರಲ್ಲಿ ವಕೀಲರ ವಿಳಾಸವಿಲ್ಲ, ದಾಖಲಾತಿ ಸಂಖ್ಯೆಯಿಲ್ಲ. ಸಂಜೆಯೊಳಗೆ 25,000 ಹಾಕದಿದ್ದರೆ ಚಾಟ್ ಪೂರ್ತಿ ಮಾರ್ಗದರ್ಶಕರ ಇಮೇಲ್‌ಗೆ ಹೋಗುತ್ತದೆ ಎಂಬ ಒಕ್ಕಣೆ ಬೇರೆ.

ಇಲ್ಲಿ ದುಡ್ಡು ಕೊಟ್ಟವರಿಗೆ ಬಿಡುಗಡೆಯಿಲ್ಲ. ಚಾಟ್ ಅಂಗಡಿಯವರ ಬಳಿಯೇ ಇರುತ್ತದೆ, ಕೊಡುವ ಗಿರಾಕಿ ಎಂಬುದು ಅವರಿಗೆ ಖಾತ್ರಿಯಾಗಿರುತ್ತದೆ. ಇಮೇಲ್ ಕಳಿಸಿಬಿಟ್ಟರೆ ಅವರ ಕೈಯಲ್ಲಿದ್ದ ಒಂದೇ ಅಸ್ತ್ರ ಖಾಲಿ. ಆದ್ದರಿಂದ ಮಾರ್ಗದರ್ಶಕರಿಗೆ ಮೊದಲು ತಾವೇ ಹೇಳುವಂತೆ ನಾನು ಸೂಚಿಸಿದೆ. ಅಧ್ಯಾಯಗಳನ್ನು ಇನ್ನೂ ಸಲ್ಲಿಸಿರಲಿಲ್ಲ, ಹಾಗಾಗಿ ಹಿಂದಿರುಗಲು ದಾರಿಯಿತ್ತು. ಬೈಗುಳ ಸಿಕ್ಕಿತು, ಕ್ಷೇತ್ರಕಾರ್ಯದ ಪ್ರಶ್ನಾವಳಿಗಳನ್ನು ಹಿಡಿದು ಮೊದಲಿನಿಂದ ಬರೆಯಬೇಕೆಂಬ ಆದೇಶವೂ ಸಿಕ್ಕಿತು. (ಕರಡನ್ನು ತಿಂಗಳುಗಟ್ಟಲೆ ತೆರೆದೇ ನೋಡದ ಮಾರ್ಗದರ್ಶಕರಿಗೂ ಇದರಲ್ಲಿ ಪಾಲಿದೆ ಎಂದು ನಾನು ಬೈದುಕೊಂಡದ್ದು ಬೇರೆ.)

ಇಂಥ ಹೊತ್ತಿನಲ್ಲಿ ಚಾಟ್ ಅಳಿಸಬೇಡಿ. ನಾಚಿಕೆಯಿಂದ ಮೊದಲು ಅಳಿಸುವುದೇ ಅದನ್ನು, ಸಾಕ್ಷಿ ಇರುವುದೂ ಅದರಲ್ಲೇ. ಯುಪಿಐ ವಹಿವಾಟಿನ ಸಂಖ್ಯೆ, ಹಣ ಪಡೆದ ಖಾತೆಯ ಹೆಸರು ಇಟ್ಟುಕೊಂಡು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಇಲ್ಲವೇ cybercrime.gov.in ನಲ್ಲಿ ದೂರು ಕೊಡಿ. ಬೇಗ ಹೇಳಿದರೆ, ಹಣ ಆ ಖಾತೆಯಲ್ಲೇ ಇದ್ದರೆ, ತಡೆಹಿಡಿಯುವ ಸಾಧ್ಯತೆಯಿದೆ. ತಡವಾದ್ದರಿಂದ ಇವರ 30,000 ಸಿಗಲಿಲ್ಲ. ಪ್ರಬಂಧ ಬರೆಸಿಕೊಳ್ಳುವ ಒಪ್ಪಂದವೇ ನೆಟ್ಟಗಿಲ್ಲದ್ದರಿಂದ ಅದರ ಬಲದ ಮೇಲೆ ಮುಂಗಡ ವಾಪಸ್ ಕೇಳುವುದೂ ಕಷ್ಟ. ಆದರೆ ಬೆದರಿಸಿ ಹಣ ಕೀಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಅಪರಾಧ. ಬೆದರಿಕೆಗೆ ಒಳಗಾದವರು ತಪ್ಪು ಮಾಡಿದ್ದರೂ ಅದು ಅಪರಾಧವೇ.